ಸೂಜಿ ರಿಜಿಸ್ಟರ್‌ನಲ್ಲಿ ಸಿಕ್ಕಿಬಿದ್ದ ಭಾನುವಾರ: ವಾಪಸ್ ಬಂದ ಕ್ಯಾಪ್ ಮತ್ತೆ ಬರೆಯುವುದು ಹೇಗೆ?

ಪ್ರಶ್ನೆ: ನಮ್ಮದು ಮದ್ದೂರು ತಾಲೂಕಿನ ಗೆಜ್ಜಲಗೆರೆ ಕಡೆ ಶರ್ಟ್ ಹೊಲಿಯುವ ಘಟಕ. ಮೂರು ಲೈನ್, ಎಲ್ಲ ಸೇರಿ ನೂರೈವತ್ತು ಮಂದಿ. ಬಯ್ಯರ್ ಕಡೆಯಿಂದ ಆಡಿಟ್ ಆಯಿತು, ಮೂರು ಎನ್‌ಸಿ, ಅಂದರೆ ನಿಯಮಕ್ಕೆ ಹೊಂದದ ಲೋಪಗಳು, ಬಂದವು. ಮುರಿದ ಸೂಜಿ ರಿಜಿಸ್ಟರ್ ಸರಿ ಇಲ್ಲ. ಭಾನುವಾರದ ಕೆಲಸ ಹಾಜರಿಯಲ್ಲಿ ಇಲ್ಲ, ಓಟಿಗೆ ಸಿಂಗಲ್ ರೇಟ್ ಕೊಟ್ಟಿದ್ದಾರೆ. ಎಮರ್ಜೆನ್ಸಿ ಬಾಗಿಲ ಮುಂದೆ ಕಾರ್ಟನ್ ಇದ್ದವು. ಮೂರಕ್ಕೂ "ಸಿಬ್ಬಂದಿಗೆ ತರಬೇತಿ ಕೊಟ್ಟಿದ್ದೇವೆ, ಇನ್ನು ಮುಂದೆ ಆಗುವುದಿಲ್ಲ" ಅಂತ ಕ್ಯಾಪ್, ಅಂದರೆ ತಪ್ಪು ಸರಿಪಡಿಸುವ ಯೋಜನೆ, ಬರೆದು ಫೋಟೊ ಕಳಿಸಿದೆವು. ಬಾಗಿಲಿನದ್ದು ಮಾತ್ರ ಒಪ್ಪಿದ್ದಾರೆ, ಉಳಿದ ಎರಡೂ ವಾಪಸ್ ಬಂದಿವೆ. ಮೂರು ತಿಂಗಳಲ್ಲಿ ಫಾಲೋ-ಅಪ್ ಆಡಿಟ್ ಅಂತೆ. ಏನು ಬರೆಯಬೇಕು? ಬಂದಾಗ ಅವರು ಏನು ನೋಡುತ್ತಾರೆ? ಭಾನುವಾರದ ವಿಷಯ ಅವರಿಗೆ ಹೇಗೆ ಗೊತ್ತಾಯಿತು ಅನ್ನುವುದೂ ನಮಗೆ ತಿಳಿಯಲಿಲ್ಲ.
— ಎಚ್‌ಆರ್ ವಿಭಾಗದ ಒಬ್ಬ ಓದುಗರು, ಮಂಡ್ಯ ಜಿಲ್ಲೆ

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಉಳಿದ ಉತ್ತರದ ಬೇರು ಅಲ್ಲೇ ಇದೆ.

ನಿಮ್ಮ ವರದಿ ನಾನು ನೋಡಿಲ್ಲ. ಆದರೆ ಸೂಜಿಯದ್ದೂ ಭಾನುವಾರದ್ದೂ ಒಂದೇ ಆಡಿಟ್‌ನಲ್ಲಿ ಬಂದಿವೆ. ಹಾಗಾಗಿ ಭಾನುವಾರದ ಸುದ್ದಿ ಬಹುಶಃ ಕ್ವಾಲಿಟಿ ಕಡೆಯ ಪುಸ್ತಕದಿಂದಲೇ ಹೊರಬಿದ್ದಿದೆ. ಕಾರ್ಖಾನೆಯವರು ಹಾಜರಿ, ಸಂಬಳ, ಓಟಿ ಪುಸ್ತಕಗಳನ್ನು ಆಡಿಟ್‌ಗೆ ಅಂತ ಜೋಪಾನವಾಗಿ ತಯಾರು ಮಾಡಿಡುತ್ತಾರೆ. ಸೂಜಿ ರಿಜಿಸ್ಟರ್, ಮೆಟಲ್ ಡಿಟೆಕ್ಟರ್ ಲಾಗ್, ಚೆಕ್ಕರ್ ಬರೆಯುವ ದಿನದ ಡಿಫೆಕ್ಟ್ ಶೀಟ್ ಇವನ್ನು ಯಾರೂ ತಿದ್ದುವುದಿಲ್ಲ. ಅವು ಕ್ವಾಲಿಟಿಯವರ ಪುಸ್ತಕ, ಸಂಬಳಕ್ಕೂ ಅದಕ್ಕೂ ಏನು ಸಂಬಂಧ ಅನ್ನುವ ಭಾವನೆ. ಆಡಿಟರ್‌ಗೆ ಇರುವ ಸಂಬಂಧವೇ ಅದು. ಕ್ವಾಲಿಟಿ ಪುಸ್ತಕದಲ್ಲಿರುವ ತಾರೀಕುಗಳನ್ನು ಬರೆದುಕೊಂಡು ಹಾಜರಿ ಪುಸ್ತಕ ತೆಗೆಯುತ್ತಾರೆ. ಉದಾಹರಣೆಗೆ, 14ನೇ ತಾರೀಕು ಭಾನುವಾರ, ಹಾಜರಿಯಲ್ಲಿ ಎಲ್ಲರಿಗೂ ವಾರದ ರಜೆ. ಆದರೆ ಅದೇ 14ರಂದು ಎರಡನೇ ಲೈನಿನ ಕಾಲರ್ ಮೆಷಿನ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಸೂಜಿ ಮುರಿದಿದೆ. ರಜೆಯ ದಿನ ಸೂಜಿ ತಾನಾಗೇ ಮುರಿಯುತ್ತಾ?

ಸೂಜಿ ಒಂದೇ ಅಲ್ಲ. ಜನರೇಟರ್ ಡೀಸೆಲ್ ಲಾಗ್, ಗೇಟಿನ ಸೆಕ್ಯುರಿಟಿ ಪುಸ್ತಕ, ಹಳ್ಳಿಗಳಿಗೆ ಹೋಗುವ ವ್ಯಾನಿನ ಟ್ರಿಪ್ ಶೀಟ್, ಕ್ಯಾಂಟೀನ್ ಲೆಕ್ಕ ಎಲ್ಲವೂ ಸಾಕ್ಷಿ ಹೇಳುತ್ತವೆ. ವ್ಯಾನು ರಾತ್ರಿ ಎಂಟಕ್ಕೆ ಹೊರಟಿದ್ದರೆ ಐದೂವರೆಯಿಂದ ಎಂಟರವರೆಗೆ ಟೈಲರ್‌ಗಳು ಎಲ್ಲಿದ್ದರು ಅನ್ನುವ ಪ್ರಶ್ನೆ ಏಳುತ್ತದೆ. ಬಯೋಮೆಟ್ರಿಕ್ ಇದ್ದರೆ ಎಕ್ಸೆಲ್ ಪ್ರಿಂಟ್ ಬೇಡ, ಮೆಷಿನ್‌ನಿಂದ ನೇರವಾಗಿ ತೆಗೆದು ತೋರಿಸಿ ಅಂತಾರೆ. ನೂರು ಜನರ ಔಟ್ ಪಂಚ್ ತಿಂಗಳಿಡೀ 5:30ರಿಂದ 5:34ರ ಒಳಗೇ ಇದ್ದರೆ ಅದು ಶಿಸ್ತಲ್ಲ. ಯಾರೋ ಕೂತು ಟೈಪ್ ಮಾಡಿದ್ದು.

ಹಾಗಾಗಿ ಮೊದಲು ಮಾಡಬೇಕಾದ ಕೆಲಸ ಕ್ಯಾಪ್ ಬರೆಯುವುದಲ್ಲ. ಆಡಿಟ್‌ಗೆ ತೋರಿಸಲೆಂದೇ ಬರೆಯುವ ಎರಡನೇ ಪುಸ್ತಕ ಇದ್ದರೆ ಅದನ್ನು ನಿಲ್ಲಿಸುವುದು, ಮಾಲೀಕರ ಹತ್ತಿರ ಈ ಮಾತು ನೇರವಾಗಿ ಆಡುವುದು. ಜಾಸ್ತಿ ಓಟಿ ಇದೆ ಅಂತ ತೋರಿಸಿದರೆ ಹಲವು ಬಯ್ಯರ್‌ಗಳು ಅದನ್ನು ಮೇಜರ್ ಅಂತ ಬರೆದು, ಕಡಿಮೆ ಮಾಡಲು ಸಮಯ ಕೊಡುತ್ತಾರೆ. ದಾಖಲೆ ತಿದ್ದಿದ್ದು ಸಾಬೀತಾದರೆ ಅದು ಬಾಲಕಾರ್ಮಿಕ, ಲಂಚದಂಥ ವಿಷಯಗಳ ಸಾಲಿಗೆ ಸೇರುತ್ತದೆ. ಅಲ್ಲಿಗೆ ಆರ್ಡರೇ ನಿಲ್ಲಬಹುದು. ನಿಮಗೆ ಫಾಲೋ-ಅಪ್ ಅವಕಾಶ ಕೊಟ್ಟಿದ್ದಾರೆ ಅಂದರೆ ಬಾಗಿಲು ಇನ್ನೂ ತೆರೆದಿದೆ. ಹೊಸ ಕ್ಯಾಪ್ ಜೊತೆ ಕಳೆದ ಮೂರು ತಿಂಗಳ ನಿಜವಾದ ಗಂಟೆಗಳನ್ನು ನೀವಾಗಿಯೇ ಕೊಡಿ. ನೋಡಲು ಚೆನ್ನಾಗಿರುವುದಿಲ್ಲ, ಗೊತ್ತು. ಆದರೆ ಮುಂದೆ ಓಟಿ ಇಳಿದಿದೆ ಅಂತ ತೋರಿಸಬೇಕಾದರೆ ಇಳಿಯುವ ಮೊದಲು ಎಷ್ಟಿತ್ತು ಅನ್ನುವುದು ಕಾಗದದ ಮೇಲೆ ಇರಬೇಕಲ್ವಾ?

ಈಗ ಕ್ಯಾಪ್ ಯಾಕೆ ವಾಪಸ್ ಬಂತು ಅನ್ನುವುದಕ್ಕೆ ಬರೋಣ. ಕಂಡ ತಪ್ಪನ್ನು ಸರಿಪಡಿಸುವುದು ಒಂದು ಕೆಲಸ. ಆ ತಪ್ಪು ಯಾಕೆ ಆಯಿತೋ ಆ ಕಾರಣವನ್ನೇ ತೆಗೆಯುವುದು ಇನ್ನೊಂದು. ಐಎಸ್‌ಒ 9001ರ 2015ರ ಆವೃತ್ತಿಯಲ್ಲಿ 10.2ನೇ ಭಾಗ ಕೇಳುವುದು ಎರಡನ್ನೂ. ಜೊತೆಗೆ ಮೂರನೆಯದೂ ಇದೆ: ಮಾಡಿದ್ದು ನಿಜಕ್ಕೂ ಕೆಲಸ ಮಾಡಿತಾ ಅಂತ ಆಮೇಲೆ ನೋಡುವುದು. ಕಾರ್ಟನ್ ತೆಗೆದು ಫೋಟೊ ಕಳಿಸಿದಿರಿ, ಅದು ಮೊದಲನೆಯದು. "ತರಬೇತಿ ಕೊಟ್ಟಿದ್ದೇವೆ" ಅನ್ನುವುದು ಎರಡನೆಯದರ ಜಾಗದಲ್ಲಿ ಬರೆದ ಮಾತು. ಆದರೆ ಅದು ಕಾರಣವನ್ನು ಹೇಳುವುದಿಲ್ಲ. ಕೆಲಸಗಾರರಿಗೆ ಗೊತ್ತಿರಲಿಲ್ಲ ಅಂದಿದ್ದರೆ ಮಾತ್ರ ತರಬೇತಿ ಔಷಧಿ. ಸೂಜಿ ಮುರಿದರೆ ತುಂಡು ತಂದು ಕೊಡಬೇಕು ಅಂತ ನಿಮ್ಮ ಟೈಲರ್‌ಗಳಿಗೆ ಗೊತ್ತಿರಲಿಲ್ಲವಾ? ಖಂಡಿತ ಗೊತ್ತಿತ್ತು. ಹಾಗಾದರೆ ಯಾಕೆ ತಂದು ಕೊಡಲಿಲ್ಲ? ಅದೇ ಪ್ರಶ್ನೆ.

ಸೂಜಿಯನ್ನೇ ಹಿಡಿದು ಕಾರಣ ಹುಡುಕೋಣ. ನಿಯಮ ಸರಳ. ಸೂಜಿ ಮುರಿದ ಕೂಡಲೇ ಮೆಷಿನ್ ನಿಲ್ಲಿಸಬೇಕು. ತುಂಡುಗಳೆಲ್ಲ ಸಿಗಬೇಕು, ಜೋಡಿಸಿದರೆ ಪೂರ್ತಿ ಸೂಜಿ ಆಗಬೇಕು. ಅದನ್ನು ಟೇಪ್ ಹಾಕಿ ರಿಜಿಸ್ಟರ್‌ಗೆ ಅಂಟಿಸಿ, ತಾರೀಕು, ಹೊತ್ತು, ಮೆಷಿನ್ ನಂಬರ್ ಬರೆದು, ಆಮೇಲೆ ಹೊಸ ಸೂಜಿ. ತುಂಡು ಸಿಗದಿದ್ದರೆ ಆ ಬಂಡಲ್ ಪಕ್ಕಕ್ಕಿಟ್ಟು, ಆಯಸ್ಕಾಂತ ಹಿಡಿದು ಹುಡುಕಿ, ಪೀಸ್‌ಗಳನ್ನು ಮೆಟಲ್ ಡಿಟೆಕ್ಟರ್‌ಗೆ ಹಾಕಬೇಕು. ಶರ್ಟ್‌ನಲ್ಲಿ ಉಳಿದ ಸೂಜಿ ಮೊನೆ ತೊಟ್ಟವರ ಮೈಗೇ ಚುಚ್ಚುತ್ತದೆ. ಹಾಗಾಗಿ ಇಲ್ಲಿ ಬಯ್ಯರ್‌ಗಳು ರಿಯಾಯಿತಿ ತೋರಿಸುವುದಿಲ್ಲ.

ಇದು ನಡೆಯುತ್ತಿದೆಯೋ ಇಲ್ಲವೋ ಅಂತ ತಿಳಿಯಲು ರಿಜಿಸ್ಟರ್ ಓದುತ್ತಾ ಕೂರಬೇಕಿಲ್ಲ. ಸ್ಟೋರ್ ಲೆಕ್ಕ ಸಾಕು. ಒಂದು ಉದಾಹರಣೆ ಹಾಕಿಕೊಳ್ಳಿ. ತಿಂಗಳ ಮೊದಲ ದಿನ 600 ಸೂಜಿ ಇತ್ತು. ಬಿಲ್ ಪ್ರಕಾರ 500 ಬಂತು. ಕೊನೆಯ ದಿನ ಎಣಿಸಿದರೆ 740 ಇದೆ. ಅಂದರೆ 360 ಹೊರಗೆ ಹೋಗಿದೆ. ರಿಜಿಸ್ಟರ್‌ನಲ್ಲಿ ಮುರಿದದ್ದು, ಮೊಂಡಾದದ್ದು, ಸ್ಟೈಲ್ ಬದಲಾದಾಗ ತೆಗೆದದ್ದು ಎಲ್ಲ ಸೇರಿ 210. ಉಳಿದ 150 ಎಲ್ಲಿ? ನಾನು ಆಡಿಟ್‌ಗೆ ಹೋದರೆ ಸೂಜಿ ವಿಷಯದಲ್ಲಿ ಮೊದಲು ಮಾಡುವುದು ಈ ಲೆಕ್ಕವನ್ನೇ. ನೀವೂ ಇವತ್ತೇ ಮಾಡಿ ನೋಡಿ.

ಆ 150 ಬಹುತೇಕ ಸೂಪರ್‌ವೈಸರ್‌ಗಳ ಜೇಬಿನಲ್ಲಿ, ಮೆಷಿನ್ ಡ್ರಾಯರ್‌ನಲ್ಲಿ ಇರುತ್ತವೆ. ಯಾಕೆ ಜೇಬಿನಲ್ಲಿ? ಸೂಜಿ ಪೆಟ್ಟಿಗೆಯ ಬೀಗದ ಕೈ ಸೂಜಿ ಕೊಡುವವರ ಹತ್ತಿರ ಇರುತ್ತದೆ, ಅವರು ಐದೂವರೆಗೆ ಮನೆಗೆ ಹೋಗುತ್ತಾರೆ. ಲೈನ್ ಎಂಟರವರೆಗೆ ಓಡುತ್ತದೆ. ಸಂಜೆ ಕೈ ಸೋತಿರುತ್ತದೆ, ಟಾರ್ಗೆಟ್ ಬಾಕಿ ಇರುತ್ತದೆ, ಕಾಲರ್ ಮತ್ತು ಕಫ್‌ನಂಥ ದಪ್ಪ ಹೊಲಿಗೆಯಲ್ಲಿ ಬಟ್ಟೆ ಎಳೆದು ಹೊಲಿಯುತ್ತಾರೆ. ಸೂಜಿ ಮುರಿಯುವುದೇ ಆಗ. ಪೆಟ್ಟಿಗೆಗೆ ಬೀಗ. ಪಾಪ, ಸೂಪರ್‌ವೈಸರ್ ಏನು ಮಾಡಬೇಕು? ಹಗಲಲ್ಲೇ ಒಂದು ಪ್ಯಾಕೆಟ್ ತೆಗೆದಿಟ್ಟುಕೊಳ್ಳುತ್ತಾರೆ. ಮುರಿದ ತುಂಡು ಸಿಕ್ಕರೆ ಮರುದಿನ ಬೆಳಿಗ್ಗೆ ಅಂಟಿಸುತ್ತಾರೆ, ಸಿಗದಿದ್ದರೆ ಸುಮ್ನೆ ಇದ್ದುಬಿಡುತ್ತಾರೆ.

ಇದನ್ನು ಹಾಗೆಯೇ ಕ್ಯಾಪ್‌ನಲ್ಲಿ ಬರೆಯಿರಿ. ಬಯ್ಯರ್‌ಗೆ ಇಂಗ್ಲಿಷ್‌ನಲ್ಲಿ ಹೋಗಬೇಕು ನಿಜ, ಆದರೆ ಮೊದಲ ಕರಡನ್ನು ಸೂಪರ್‌ವೈಸರ್‌ಗಳ ಜೊತೆ ಕೂತು ಕನ್ನಡದಲ್ಲಿ ಬರೆದುಕೊಳ್ಳಿ, ಕಾರಣ ಬೇಗ ಸಿಗುತ್ತದೆ. ನಾನಾದರೆ ಹೀಗೆ ಬರೆಯುತ್ತೇನೆ:

"ಕಾರಣ: ಸಂಜೆ 5:30ರ ನಂತರ ಮತ್ತು ರಜಾ ದಿನಗಳಲ್ಲಿ ಸೂಜಿ ಕೊಡುವ ಅಧಿಕಾರ ಯಾರಿಗೂ ಇರಲಿಲ್ಲ. ಹೀಗಾಗಿ ಸೂಪರ್‌ವೈಸರ್‌ಗಳು ಬಿಡಿ ಸೂಜಿ ಇಟ್ಟುಕೊಂಡಿದ್ದರು. ತಕ್ಷಣದ ಕ್ರಮ: ಎಲ್ಲ ಲೈನ್‌ಗಳಿಂದ ಬಿಡಿ ಸೂಜಿ ವಾಪಸ್ ಪಡೆದು ಎಣಿಸಲಾಗಿದೆ, ಪಟ್ಟಿ ಲಗತ್ತಿಸಿದೆ. ಗೋದಾಮಿನಲ್ಲಿರುವ ಸಿದ್ಧ ಮಾಲನ್ನು ಮತ್ತೊಮ್ಮೆ ಮೆಟಲ್ ಡಿಟೆಕ್ಟರ್‌ಗೆ ಹಾಕಲಾಗಿದೆ. ಕಾರಣ ತೆಗೆಯುವ ಕ್ರಮ: ಲೈನ್ ಓಡುವ ಪ್ರತಿ ಗಂಟೆಯೂ ಹೆಸರು ಹಾಕಿದ ಒಬ್ಬರು ಸೂಜಿ ಪೆಟ್ಟಿಗೆಯ ಹೊಣೆ ಹೊರುತ್ತಾರೆ, ಅವರಿಲ್ಲದೆ ಓಟಿಗೆ ಅನುಮತಿ ಇಲ್ಲ. ಪರಿಶೀಲನೆ: ವಾರಕ್ಕೊಮ್ಮೆ ಸ್ಟೋರ್ ಲೆಕ್ಕ ಮತ್ತು ರಿಜಿಸ್ಟರ್ ತಾಳೆ, ವ್ಯತ್ಯಾಸ ಬಂದರೆ ಫ್ಯಾಕ್ಟರಿ ಮ್ಯಾನೇಜರ್ ಸಹಿಯೊಂದಿಗೆ ವಿವರಣೆ."

ಸಿದ್ಧ ಮಾಲಿನ ಮಾತು ಬಿಡಬೇಡಿ. ಲೆಕ್ಕಕ್ಕೆ ಸಿಗದ ಸೂಜಿ ಇದೆ ಅಂದಮೇಲೆ ಈಗಾಗಲೇ ಪ್ಯಾಕ್ ಆದ ಶರ್ಟ್‌ಗಳ ಗತಿ ಏನು ಅಂತ ಆಡಿಟರ್ ಕೇಳಿಯೇ ಕೇಳುತ್ತಾರೆ. ಡಿಟೆಕ್ಟರ್ ಸರಿ ಇದೆ ಅನ್ನುವುದಕ್ಕೂ ದಾಖಲೆ ಬೇಕು. ಬಯ್ಯರ್ ಹೇಳಿದ ಅಳತೆಯ ಟೆಸ್ಟ್ ಕಾರ್ಡ್ (ಸಾಮಾನ್ಯವಾಗಿ 1.0 ಅಥವಾ 1.2 ಮಿಲಿಮೀಟರ್ ಕಬ್ಬಿಣದ ಗುಂಡು) ಬೆಲ್ಟಿನ ಎಡ, ನಡು, ಬಲದಲ್ಲಿ, ಕೆಳಗೆ, ಮಧ್ಯೆ, ಮೇಲೆ ಹೀಗೆ ಒಂಬತ್ತು ಜಾಗದಲ್ಲಿ ಹಾಯಿಸಿ ನೋಡಬೇಕು. ಆ ಲಾಗ್ ಕೂಡ ಹೊತ್ತಿಗೆ ಸರಿಯಾಗಿ ತುಂಬಿರಬೇಕು. ಇಡೀ ದಿನದ್ದನ್ನು ಒಂದೇ ಪೆನ್ನಿನಲ್ಲಿ ಒಂದೇ ಸಲ ತುಂಬಿದ್ದು ಎಂಥವರಿಗೂ ಕಾಣುತ್ತದೆ.

ಈಗ ಗಮನಿಸಿ. ಸೂಜಿಯ ಕಾರಣ ಹುಡುಕುತ್ತಾ ಹೋದರೆ ನಾವು ಬಂದು ನಿಂತದ್ದು ಓಟಿ ಹತ್ತಿರ. ನಿಮ್ಮ ಎರಡು ಎನ್‌ಸಿಗೂ ಬೇರು ಒಂದೇ. ಓಟಿ ಯಾಕೆ ಅಂತ ಕೇಳದೆ ಎರಡನ್ನೂ ಮುಚ್ಚಲು ಆಗುವುದಿಲ್ಲ.

"ಶಿಪ್‌ಮೆಂಟ್ ತುರ್ತು ಇತ್ತು" ಅಂತ ಬರೆಯಬೇಡಿ. ಪ್ರತಿ ತಿಂಗಳೂ ತುರ್ತು ಇದ್ದರೆ ಅದು ತುರ್ತಲ್ಲ, ಪ್ಲಾನಿಂಗ್ ಹಾಗಿದೆ ಅಂತ ಅರ್ಥ. ಕಾಗದ ತೆಗೆದುಕೊಂಡು ಲೆಕ್ಕ ಹಾಕಿ. ನಿಮ್ಮ ನಿಜವಾದ ಅಂಕಿ ನನಗೆ ಗೊತ್ತಿಲ್ಲ, ಆದ್ದರಿಂದ ನಿಮ್ಮಷ್ಟು ದೊಡ್ಡ ಘಟಕಕ್ಕೆ ಹೊಂದುವ ಅಂಕಿ ಹಾಕುತ್ತೇನೆ. ಒಂದು ಲೈನಿಗೆ 30 ಟೈಲರ್. ದಿನಕ್ಕೆ 480 ನಿಮಿಷ. ಒಂದು ಶರ್ಟ್ ಹೊಲಿಯಲು ಬೇಕಾದ ಒಟ್ಟು ನಿಮಿಷ, ಅಂದರೆ ಎಸ್‌ಎಎಂ, 20. ಎಲ್ಲರೂ ನೂರಕ್ಕೆ ನೂರು ಓಡಿದರೆ ಲೈನಿಗೆ 720 ಪೀಸ್. ಯಾವ ಲೈನೂ ಹಾಗೆ ಓಡುವುದಿಲ್ಲ. ಮರ್ಚಂಡೈಸರ್ 60 ಪರ್ಸೆಂಟ್ ಎಫಿಶಿಯೆನ್ಸಿ ಹಿಡಿದು ಆರ್ಡರ್ ಒಪ್ಪಿಕೊಂಡರು ಅನ್ನಿ. ಆಗ ಲೈನಿಗೆ 432, ಮೂರು ಲೈನಿಗೆ 1,296. 28,000 ಪೀಸಿನ ಆರ್ಡರ್ ಹತ್ತಿರ ಹತ್ತಿರ 22 ದಿನಕ್ಕೆ ಮುಗಿಯಬೇಕು.

ಕಳೆದ ಆರು ತಿಂಗಳ ನಿಜವಾದ ಎಫಿಶಿಯೆನ್ಸಿ ತೆಗೆದು ನೋಡಿದರೆ 50 ಇದೆ ಅನ್ನಿ. ಈಗ ಮೂರು ಲೈನಿಗೆ 1,080. ಇದೇ ಆರ್ಡರ್‌ಗೆ 26 ದಿನ ಬೇಕು. ಇದರ ಮೇಲೆ ಗೈರುಹಾಜರಿ ಸೇರಿಸಿ. 30ರಲ್ಲಿ ಮೂವರು ಬರದಿದ್ದರೆ 27 ಜನ, ಲೈನಿಗೆ 324, ಮೂರು ಲೈನಿಗೆ 972. ಈಗ 29 ದಿನ. ಪ್ಲಾನ್ 22, ನಿಜ 29. ಏಳು ದಿನ, ಅಂದರೆ 56 ಗಂಟೆ, ಎಲ್ಲಿಂದಾದರೂ ತರಬೇಕು. ದಿನಾ ಎರಡು ಗಂಟೆ ಓಟಿ ಹಾಕಿದರೆ 22 ದಿನಕ್ಕೆ 44 ಗಂಟೆ. ಇನ್ನೂ 12 ಗಂಟೆ ಸಾಲದು. ಆ 12 ಗಂಟೆಯೇ ನಿಮ್ಮ ಭಾನುವಾರಗಳು.

ವಾರದ ಲೆಕ್ಕವನ್ನೂ ನೋಡಿ. 48 ಗಂಟೆ ಕೆಲಸ, ಆರು ದಿನ ಎರಡೆರಡು ಗಂಟೆ ಓಟಿ, ಅಲ್ಲಿಗೆ 60 ಆಯಿತು. ಬಹುತೇಕ ಬಯ್ಯರ್‌ಗಳ ನೀತಿಸಂಹಿತೆಯಲ್ಲಿ ಓಟಿ ಸೇರಿ ವಾರಕ್ಕೆ 60 ಗಂಟೆಯೇ ಗಡಿ. ಭಾನುವಾರ ಕರೆದರೆ 68. ಹೀಗಾಗಿ ಅದನ್ನು ಬರೆಯಲು ಯಾರಿಗೂ ಧೈರ್ಯ ಬರಲಿಲ್ಲ, ಪುಸ್ತಕದಿಂದ ಬಿಟ್ಟರು. ತಪ್ಪು ನಡೆದದ್ದು ಆ ಭಾನುವಾರ ಅಲ್ಲ, ಆರ್ಡರ್ ಒಪ್ಪಿಕೊಂಡ ದಿನ.

ಗೈರುಹಾಜರಿ ಬಗ್ಗೆ ನಮ್ಮ ಕಡೆಯ ಒಂದು ಮಾತು. ಬೆಂಗಳೂರಿನ ಕಾರ್ಖಾನೆಗೆ ಬರೆದ ಕ್ಯಾಪ್ ಅನ್ನು ಮದ್ದೂರಿಗೆ ತಂದರೆ ಹೊಂದುವುದಿಲ್ಲ. ನಿಮ್ಮ ಟೈಲರ್‌ಗಳಲ್ಲಿ ಹೆಚ್ಚಿನವರು ಸುತ್ತಲ ಹಳ್ಳಿಯ ಹೆಣ್ಣುಮಕ್ಕಳು, ಮನೆಯಲ್ಲಿ ಗದ್ದೆ ಇರುವವರು. ಕೆಆರ್‌ಎಸ್‌ನಿಂದ ವಿ.ಸಿ. ನಾಲೆಗೆ ನೀರು ಬಿಟ್ಟು ನಾಟಿ ಶುರುವಾದರೆ ಲೈನ್ ಖಾಲಿ ಆಗುತ್ತದೆ. ಕುಯ್ಲಿನಲ್ಲಿ ಮತ್ತೆ ಅದೇ. ಇದು ಪ್ರತಿ ವರ್ಷ ಆಗುವಂಥದ್ದು. ಆದರೂ ಪ್ಲಾನ್‌ನಲ್ಲಿ ಆ ವಾರಗಳಿಗೂ ಪೂರ್ತಿ ಹಾಜರಿ ಹಾಕಿರುತ್ತಾರೆ. "ಕಾರ್ಮಿಕರು ಹೇಳದೆ ರಜೆ ಹಾಕಿದರು" ಅಂತ ಕಾರಣ ಬರೆಯುವುದು ಸುಲಭ. ಎರಡು ವರ್ಷದ ಹಾಜರಿ ತೆಗೆದು ವಾರದ ಲೆಕ್ಕದಲ್ಲಿ ಇಟ್ಟರೆ ಯಾವ ವಾರ ಎಷ್ಟು ಜನ ಕಡಿಮೆ ಅನ್ನುವುದು ನಿಮಗೇ ಕಾಣುತ್ತದೆ. ಆ ವಾರಗಳಲ್ಲಿ ಕಡಿಮೆ ಪೀಸ್ ಒಪ್ಪಿಕೊಳ್ಳಿ. ನಾಟಿ ರಜೆ ಯಾರಿಗೆ ಯಾವಾಗ ಬೇಕು ಅಂತ ಮುಂಚೆಯೇ ಕೇಳಿ ಸರದಿ ಹಾಕಿ. ಕೇಳಿದರೆ ಹೇಳುತ್ತಾರೆ. ಕೇಳಿದರೆ ಬೈಗುಳ ಸಿಗುವ ಜಾಗದಲ್ಲಿ ಮಾತ್ರ ಹೇಳದೆ ಹೋಗುತ್ತಾರೆ.

ಹಾಗಾದರೆ ಓಟಿ ಎನ್‌ಸಿಗೆ ಕಾರಣ ತೆಗೆಯುವ ಕ್ರಮ ಏನು? ನನ್ನ ಪ್ರಕಾರ ಎರಡೇ ಸಾಕು, ಆದರೆ ನಿಜಕ್ಕೂ ನಡೆಯಬೇಕು. ಒಂದು, ಹೊಸ ಆರ್ಡರ್ ಒಪ್ಪುವ ಮೊದಲು ಅಳೆದ ಎಫಿಶಿಯೆನ್ಸಿ ಮತ್ತು ನಿಜವಾದ ಹಾಜರಿ ಮೇಲೆ ದಿನಗಳ ಲೆಕ್ಕ ಹಾಕಿ, ಪ್ರೊಡಕ್ಷನ್ ಮತ್ತು ಎಚ್‌ಆರ್ ಇಬ್ಬರೂ ಸಹಿ ಹಾಕುವುದು. ನಿಮ್ಮ ಸಹಿಯೂ ಅಲ್ಲಿರಲಿ. ಇನ್ನೊಂದು, ಲೈನಿಗೆ ಫೀಡಿಂಗ್ ಆದ, ಅಂದರೆ ಕತ್ತರಿಸಿದ ಬಟ್ಟೆ ಕೊಟ್ಟ, ಐದನೇ ದಿನ ನಿಂತು ನೋಡುವುದು. ಐದು ದಿನಕ್ಕೆ 6,480 ಪೀಸ್ ಬರಬೇಕಿತ್ತು, 5,000 ಬಂದಿದೆ ಅಂದರೆ ಅವತ್ತೇ ಬಯ್ಯರ್‌ಗೆ ಮೇಲ್ ಹೋಗಬೇಕು. ಕೊನೆಯ ವಾರ ಹೇಳಿದರೆ ಅವರ ಕೈಯಲ್ಲೂ ಏನೂ ಇರುವುದಿಲ್ಲ. ಐದನೇ ದಿನ ಹೇಳಿದರೆ ಅರ್ಧ ಮಾಲನ್ನು ಮುಂದಿನ ಹಡಗಿಗೆ ಹಾಕಲು ಒಪ್ಪಬಹುದು.

ಬಾಕಿ ಪೀಸ್‌ಗಳನ್ನು ಬಯ್ಯರ್‌ಗೆ ಹೇಳದೆ ಮೈಸೂರಿನ ಇನ್ನೊಂದು ಘಟಕಕ್ಕೆ ಜಾಬ್ ವರ್ಕ್ ಕೊಡುವ ಯೋಚನೆ ಬಂದರೆ ಅಲ್ಲೇ ಬಿಟ್ಟುಬಿಡಿ. ಒಪ್ಪಿಗೆ ಇಲ್ಲದ ಸಬ್‌ಕಾಂಟ್ರಾಕ್ಟ್ ಓಟಿಗಿಂತ ದೊಡ್ಡ ತಪ್ಪು. ಕಟಿಂಗ್ ಲೆಕ್ಕಕ್ಕೂ ಹೊಲಿಗೆ ಲೆಕ್ಕಕ್ಕೂ ತಾಳೆ ನೋಡಿದರೆ ಅದೂ ಹೊರಬರುತ್ತದೆ.

ಬಯ್ಯರ್ ತಪ್ಪೂ ಇರುತ್ತದೆ, ಅದನ್ನು ಹೇಳಲು ಹಿಂಜರಿಯಬೇಡಿ. ಸ್ಯಾಂಪಲ್ ಒಪ್ಪಿಗೆ ಹತ್ತು ದಿನ ತಡ ಮಾಡಿ, ಅವರೇ ಸೂಚಿಸಿದ ಕಡೆಯಿಂದ ಬರುವ ಬಟ್ಟೆಯೂ ತಡವಾಗಿ, ಶಿಪ್‌ಮೆಂಟ್ ತಾರೀಕು ಮಾತ್ರ ಅಲ್ಲಾಡದೆ ನಿಂತರೆ ಆ ಹತ್ತು ದಿನ ಟೈಲರ್‌ಗಳ ಸಂಜೆಯಿಂದಲೇ ಹೋಗುವುದು. ದೂರಿನ ಧಾಟಿ ಬೇಡ. ಒಪ್ಪಿಗೆ ಬರಬೇಕಿದ್ದ ತಾರೀಕು, ಬಂದ ತಾರೀಕು, ಮೇಲ್ ಪ್ರತಿ, ಅಷ್ಟೇ. ಕ್ಯಾಪ್‌ಗೆ ಲಗತ್ತಿಸಿ. ಆಡಿಟ್ ಮಾಡುವ ವಿಭಾಗಕ್ಕೂ ಆರ್ಡರ್ ಕೊಡುವ ವಿಭಾಗಕ್ಕೂ ಬಯ್ಯರ್ ಕಂಪನಿಯಲ್ಲಿ ಎಷ್ಟೋ ಸಲ ಮಾತೇ ಇರುವುದಿಲ್ಲ. ನಿಮ್ಮ ಕ್ಯಾಪ್ ಮೂಲಕವಾದರೂ ಅವರು ಮಾತಾಡಲಿ.

ಇನ್ನು ಸಿಂಗಲ್ ರೇಟ್. ಇದರಲ್ಲಿ ವಾದವೇ ಇಲ್ಲ. 1948ರ ಕಾರ್ಖಾನೆ ಕಾಯ್ದೆಯ 59ನೇ ಸೆಕ್ಷನ್‌ನಲ್ಲಿ ಓಟಿಗೆ ಡಬಲ್ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಡಬಲ್ ಇದೆ. ಮೂರು ತಿಂಗಳಿಗೆ ಎಷ್ಟು ಗಂಟೆ ಓಟಿ ಮಾಡಿಸಬಹುದು ಅನ್ನುವ ಮಿತಿ ಮಾತ್ರ ಬದಲಾಗುತ್ತಾ ಬಂದಿದೆ, ಅದನ್ನು ಕಾರ್ಖಾನೆಗಳ ಇಲಾಖೆಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಕಾನೂನು ಒಂದು, ಬಯ್ಯರ್ ಸಂಹಿತೆ ಇನ್ನೊಂದು ಹೇಳಿದರೆ ಕೆಲಸಗಾರರಿಗೆ ಯಾವುದು ಹೆಚ್ಚು ರಕ್ಷಣೆ ಕೊಡುತ್ತದೋ ಅದನ್ನೇ ಆಡಿಟರ್ ಹಿಡಿಯುತ್ತಾರೆ.

ಸರಿಪಡಿಸುವುದು ಅಂದರೆ ಮುಂದಿನ ತಿಂಗಳಿಂದ ಡಬಲ್ ಕೊಡುವುದಷ್ಟೇ ಅಲ್ಲ, ಹಿಂದಿನ ಬಾಕಿ ಕೊಡುವುದು. ಲೆಕ್ಕ ಸುಲಭವಾಗಲಿ ಅಂತ ಒಬ್ಬರ ತಿಂಗಳ ಸಂಬಳ 13,000 ಅನ್ನೋಣ. 26ರಿಂದ ಭಾಗಿಸಿದರೆ ದಿನಕ್ಕೆ 500, ಗಂಟೆಗೆ 62.50. ಡಬಲ್ ಅಂದರೆ 125. ಮೇಲಿನ ಉದಾಹರಣೆಯಂತೆ 44 ಗಂಟೆ ಸಂಜೆ, ಎರಡು ಭಾನುವಾರ ಸೇರಿ 60 ಗಂಟೆ. ಕೊಟ್ಟದ್ದು 3,750, ಕೊಡಬೇಕಾಗಿದ್ದು 7,500. ಅಂದರೆ ಆ ಒಂದು ಆರ್ಡರ್‌ಗೇ ಒಬ್ಬರಿಗೆ 3,750 ರೂಪಾಯಿ ಬಾಕಿ. ಬೇಸಿಕ್ ಮೇಲೆ ಮಾತ್ರ ಡಬಲ್ ಹಾಕಿ ಕೈತೊಳೆದುಕೊಳ್ಳುವವರಿದ್ದಾರೆ, ಅದು ನಡೆಯುವುದಿಲ್ಲ. ಡಿಎ ಕೂಡ ಸೇರಬೇಕು. ಎಷ್ಟು ತಿಂಗಳ ಹಿಂದಿನವರೆಗೆ ಬಾಕಿ ಕೊಡಬೇಕು ಅನ್ನುವುದನ್ನು ಬಯ್ಯರ್ ಜೊತೆ ಬರಹದಲ್ಲಿ ತೀರ್ಮಾನ ಮಾಡಿಕೊಳ್ಳಿ. ಬ್ಯಾಂಕ್ ಖಾತೆಗೇ ಹಾಕಿ, ನಗದು ಬೇಡ. ಈ ನಡುವೆ ಕೆಲಸ ಬಿಟ್ಟು ಹೋದವರಿಗೂ ಕೊಡಬೇಕು. ಇದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ, ಆಡಿಟರ್ ಮರೆಯುವುದಿಲ್ಲ.

ಭಾನುವಾರ ಕೆಲಸ ಮಾಡಿಸುವುದೇ ಅಪರಾಧ ಅಂತ ತಿಳಿಯಬೇಡಿ. ಮುಂಚೆ ನೋಟಿಸ್ ಹಾಕಿ, ಬದಲಿ ರಜೆ ಕೊಟ್ಟು, ಹಾಜರಿಯಲ್ಲಿ ಬರೆದರೆ ಅದಕ್ಕೆ ದಾರಿ ಇದೆ. ಬರಲು ಆಗದವರಿಗೆ ಬರುವುದಿಲ್ಲ ಅನ್ನುವ ಹಕ್ಕಿರಬೇಕು, ಅದು ಬಾಯಿಮಾತಲ್ಲ.

ಫಾಲೋ-ಅಪ್ ದಿನ ಏನಾಗುತ್ತದೆ? ಸಾಮಾನ್ಯವಾಗಿ ತೆರೆದಿರುವ ಎನ್‌ಸಿಗಳನ್ನಷ್ಟೇ ನೋಡಲು ಬರುತ್ತಾರೆ. ಆದರೆ ಕಣ್ಣಿಗೆ ಬಿದ್ದ ಹೊಸ ದೊಡ್ಡ ತಪ್ಪನ್ನು ಬರೆಯದೆ ಹೋಗುವುದಿಲ್ಲ. ಅವರಿಗೆ ಬೇಕಾಗಿರುವುದು ಮುಗಿದ ಸಂಬಳದ ತಿಂಗಳುಗಳು. ಕೊನೆಯ ವಾರ ಎಲ್ಲ ಸರಿ ಮಾಡಿದರೆ ತೋರಿಸಲು ಒಂದು ವಾರದ ದಾಖಲೆ ಮಾತ್ರ ಇರುತ್ತದೆ. ಹಾಗಾಗಿ ಡಬಲ್ ರೇಟ್ ಮತ್ತು ಸೂಜಿ ತಾಳೆ ಈ ತಿಂಗಳೇ ಶುರುವಾಗಲಿ. ತಾರೀಕು ಕೇಳಿದರೆ ಮೂರನೇ ಸಂಬಳ ಖಾತೆಗೆ ಬಿದ್ದ ಮೇಲಿನ ವಾರ ಕೇಳಿ. ಸೂಜಿಗೆ ಅವರು ಸ್ಟೋರ್‌ಗೆ ಹೋಗಿ ನಿಮ್ಮೆದುರೇ ಪೆಟ್ಟಿಗೆ ಎಣಿಸಬಹುದು. ಓಟಿಗೆ ಮತ್ತೆ ಅದೇ ಆಟ: ಡಿಫೆಕ್ಟ್ ಶೀಟ್, ಡಿಟೆಕ್ಟರ್ ಲಾಗ್, ವ್ಯಾನಿನ ಟ್ರಿಪ್ ಶೀಟ್ ಒಂದು ಕಡೆ, ಹಾಜರಿ ಇನ್ನೊಂದು ಕಡೆ. ಅದಕ್ಕೇ ಈ ತಾಳೆಯನ್ನು ತಿಂಗಳಿಗೊಮ್ಮೆ ನೀವೇ ಮಾಡಿ. ವ್ಯತ್ಯಾಸ ಸಿಕ್ಕರೆ ಪುಸ್ತಕ ತಿದ್ದಬೇಡಿ, ವ್ಯತ್ಯಾಸ ಯಾಕೆ ಬಂತು ಅಂತ ಬರೆದು ಸಹಿ ಹಾಕಿಡಿ. ಅಂಥ ಒಂದು ಪುಟ ಹತ್ತು ತರಬೇತಿ ಫೋಟೊಗಿಂತ ಹೆಚ್ಚು ಮಾತಾಡುತ್ತದೆ.

ಕೆಲಸಗಾರರ ಜೊತೆ ಒಂಟಿಯಾಗಿ, ಗುಂಪಿನಲ್ಲಿ ಮಾತಾಡುತ್ತಾರೆ. ನೀವಾಗಲಿ ಸೂಪರ್‌ವೈಸರ್ ಆಗಲಿ ಅಲ್ಲಿರುವಂತಿಲ್ಲ. ಯಾರನ್ನು ಕರೆಯಬೇಕು ಅಂತ ಅವರೇ ಆರಿಸುತ್ತಾರೆ. "ಓಟಿಗೆ ಎಷ್ಟು ಕೊಡುತ್ತಾರೆ" ಅಂತ ನೇರವಾಗಿ ಕೇಳುವುದು ಕಡಿಮೆ. "ಹೋದ ಭಾನುವಾರ ಏನು ಮಾಡಿದ್ರಮ್ಮಾ?", "ನಿನ್ನೆ ಮನೆ ಸೇರಿದಾಗ ಎಷ್ಟು ಹೊತ್ತಾಗಿತ್ತು?" ಅಂತ ಶುರು ಮಾಡುತ್ತಾರೆ. ಹೇಳಿಕೊಟ್ಟ ಉತ್ತರ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಹತ್ತು ಜನರೂ "ಡಬಲ್ ರೇಟ್ ಸರ್, ಭಾನುವಾರ ರಜೆ ಸರ್" ಅಂತ ಒಂದೇ ಧಾಟಿಯಲ್ಲಿ ಹೇಳಿ, ಹೋದ ತಿಂಗಳು ಕೈಗೆ ಎಷ್ಟು ಬಂತು ಅಂದರೆ ಸುಮ್ಮನಾದರೆ ಮುಗಿಯಿತು. ದಯವಿಟ್ಟು ಯಾರಿಗೂ ಉತ್ತರ ಹೇಳಿಕೊಡಬೇಡಿ. ಅದರ ಬದಲು ಪೇಸ್ಲಿಪ್ ಕನ್ನಡದಲ್ಲಿ ಕೊಡಿ. ಓಟಿ ಗಂಟೆ, ದರ, ಮೊತ್ತ ಮೂರೂ ಬೇರೆ ಬೇರೆ ಸಾಲಿನಲ್ಲಿ ಇರಲಿ. ತನ್ನ ಲೆಕ್ಕ ತನಗೆ ಗೊತ್ತಿರುವ ಹೆಣ್ಣುಮಗಳಿಗೆ ಯಾರೂ ಪಾಠ ಹೇಳಿಕೊಡಬೇಕಿಲ್ಲ. ಆಡಿಟ್ ಮುಗಿದ ಮೇಲೆ "ನೀನು ಏನು ಹೇಳಿದೆ" ಅಂತ ವಿಚಾರಿಸುವ ಸೂಪರ್‌ವೈಸರ್ ಇದ್ದರೆ ಮೊದಲೇ ತಡೆಯಿರಿ. ಆ ದೂರು ಬಯ್ಯರ್‌ಗೆ ಹೋದರೆ ಬಾಕಿ ಕೊಟ್ಟದ್ದೂ ನೀರಿನಲ್ಲಿ ಹೋಮ.

ಈಗಾಗಲೇ ಮುಚ್ಚಿಹೋದ ಎನ್‌ಸಿ, ಅಂದರೆ ಬಾಗಿಲಿನದ್ದರ ಬಗ್ಗೆ ನೀವು ನಿಶ್ಚಿಂತೆಯಿಂದ ಇದ್ದೀರಿ. ನನಗೆ ಅಷ್ಟು ನಂಬಿಕೆ ಇಲ್ಲ. ಕಾರ್ಟನ್‌ಗಳು ಅಲ್ಲಿಗೆ ಬಂದದ್ದು ಯಾವ ವಾರ ಅಂತ ನೋಡಿ. ಶಿಪ್‌ಮೆಂಟ್ ತಡವಾಗಿ ಮಾಲು ಒಮ್ಮೆಲೇ ಫಿನಿಶಿಂಗ್‌ಗೆ ಬಿದ್ದ ವಾರವೇ ಇರಬೇಕು. ಜಾಗ ಸಾಲದಿದ್ದಾಗ ಎಲ್ಲಿ ಇಡಬೇಕು ಅನ್ನುವುದು ತೀರ್ಮಾನ ಆಗದಿದ್ದರೆ ಮುಂದಿನ ತಡದ ವಾರ ಅವು ಮತ್ತೆ ಅಲ್ಲೇ ಇರುತ್ತವೆ.

ಮೂರು ತಿಂಗಳಲ್ಲಿ ಓಟಿ ಪೂರ್ತಿ ಸರಿಹೋಗಲಿಕ್ಕಿಲ್ಲ. ವಾರಕ್ಕೆ 68 ಇದ್ದದ್ದು 62ಕ್ಕೆ ಇಳಿದಿದೆ, ಎಲ್ಲ ಗಂಟೆ ಪುಸ್ತಕದಲ್ಲಿದೆ, ಎಲ್ಲದಕ್ಕೂ ಡಬಲ್ ಹೋಗಿದೆ ಅನ್ನಿ. ಆಗ ರೇಟ್ ಮತ್ತು ದಾಖಲೆಯ ಭಾಗ ಮುಚ್ಚಿ, ಗಂಟೆಯ ಭಾಗ ತೆರೆದೇ ಇಡುತ್ತಾರೆ, ಇನ್ನೊಂದು ಗಡುವು ಕೊಡುತ್ತಾರೆ. ಅದಕ್ಕೆ ಹೆದರಿ 62 ಅನ್ನು 60 ಅಂತ ಬರೆಯಲು ಹೋಗಬೇಡಿ. ಈಗಲೇ ಹೊಸ ಕ್ಯಾಪ್‌ನಲ್ಲಿ ತಿಂಗಳು ತಿಂಗಳಿಗೆ ಎಷ್ಟು ಇಳಿಸುತ್ತೇವೆ ಅಂತ ಅಂಕಿ ಹಾಕಿ. ನಾಟಿ ತಿಂಗಳು ನಡುವೆ ಬಂದರೆ ಆ ತಿಂಗಳ ಅಂಕಿಯನ್ನು ಅದಕ್ಕೆ ತಕ್ಕಂತೆ ಇಡಿ, ಯಾಕೆ ಅಂತಲೂ ಒಂದು ಸಾಲು ಬರೆಯಿರಿ.